“ಸ್ವಲ್ಪ ದಿನ ಬಿಟ್ಟು ಬನ್ನಿ” ಅಂದೆ, ಅಷ್ಟರಲ್ಲಿ ಅವರ ಮುದ್ದತು ಮುಗಿದಿತ್ತು

ಪುರಸಭೆಯಲ್ಲಿ ಎಫ್‌ಡಿಎ ಆಗಿ ಹನ್ನೊಂದು ವರ್ಷ ಆಯಿತು. ಆರ್‌ಟಿಐ ಟೇಬಲ್ ಯಾರಿಗೂ ಬೇಡ, ಹಾಗಾಗಿ ಅದು ನನ್ನ ಪಾಲಿಗೆ ಬಂತು. ಅರ್ಜಿಗೆ ಉತ್ತರವಾಗಿ ಹೋಗುವ ಹಿಂಬರಹ ಬರೆಯೋದು ನಾನು, ಸಹಿ ಹಾಕೋದು ಮ್ಯಾನೇಜರ್, ಅವರೇ ನಮ್ಮ ಪಿಐಓ, ಅಂದ್ರೆ ಮಾಹಿತಿ ಕೊಡುವ ಹೊಣೆಯ ಅಧಿಕಾರಿ. ಮೇಲ್ಮನವಿ ಮುಖ್ಯಾಧಿಕಾರಿಗಳ ಮುಂದೆ. ಎಷ್ಟೋ ಹಿಂಬರಹ ಹೋಗಿವೆ, ನೆನಪಿರೋದು ಕಡಿಮೆ. ಇದೊಂದು ಮಾತ್ರ ಮರೆತಿಲ್ಲ, ಯಾಕಂದ್ರೆ ತಪ್ಪು ನನ್ನದೇ.

2024ರ ಜೂನ್ 3ಕ್ಕೆ ಅರ್ಜಿ ಬಂತು. ಕೊಟ್ಟವರು ಲೈನ್‌ಮ್ಯಾನ್ ಆಗಿ ನಿವೃತ್ತರಾದ ಹಿರಿಯರು. ಅವರ ಬೀದಿಯ ಚರಂಡಿ ಅವರ ಮನೆಗೆ ಸ್ವಲ್ಪ ಮೊದಲೇ ನಿಂತುಹೋಗಿತ್ತು, ಮಳೆ ಬಂದರೆ ನೀರೆಲ್ಲ ಅವರ ಬಾಗಿಲಿಗೆ. ನಾಲ್ಕು ಬಾಬತ್ತು ಕೇಳಿದ್ದರು. ಒಂದು, ಎಸ್ಟಿಮೇಟ್ ಮತ್ತು ಕಾರ್ಯಾದೇಶದ ಪ್ರತಿ. ಎರಡು, ಆ ಕೆಲಸದ ಎಂಬಿ, ಅಂದ್ರೆ ಅಳತೆ ಪುಸ್ತಕದ ಪುಟಗಳು. ಮೂರು, ಗುತ್ತಿಗೆದಾರರಿಗೆ ಕೊಟ್ಟ ಬಿಲ್ಲು ಮತ್ತು ಓಚರ್. ನಾಲ್ಕು, “ಚರಂಡಿಯನ್ನು ಪೂರ್ತಿ ಮಾಡದೆ ಯಾಕೆ ನಿಲ್ಲಿಸಿದಿರಿ, ತಿಳಿಸಿ.”

ಮೊದಲನೆಯದು ಸಲೀಸು. 14 ಪುಟ, ಪುಟಕ್ಕೆ 2 ರೂಪಾಯಿ, 28 ರೂಪಾಯಿ ಕಟ್ಟಿ ಅಂತ ಪತ್ರ ಹೋಯಿತು, ಅವರು ಬಂದು ಕಟ್ಟಿದರು. ಎಂಬಿ ಕೇಳಿದ್ದೇ ತಡ ನಮ್ಮ ಜೂನಿಯರ್ ಇಂಜಿನಿಯರ್, ಜೆಇ, ಫೋನ್ ಮಾಡಿದರು. “ಮೇಡಂ, ಎಂಬಿ ಎಲ್ಲಾ ಕೊಡೋಕೆ ಹೋಗ್ಬೇಡಿ, ಥರ್ಡ್ ಪಾರ್ಟಿ ಅಂತ ಹಾಕಿಬಿಡಿ.” ನಾನೂ ಹಾಕಿಬಿಟ್ಟೆ. ಹಳೇ ಕಡತದಲ್ಲಿದ್ದ ಒಂದು ಹಿಂಬರಹ ತೆಗೆದು ಹೆಸರು, ದಿನಾಂಕ ಬದಲಿಸಿದೆ. ಎರಡಕ್ಕೂ ಮೂರಕ್ಕೂ “ಮೂರನೇ ವ್ಯಕ್ತಿಯ ಮಾಹಿತಿಯಾಗಿರುವುದರಿಂದ ಕಲಂ 8(1)(ಜೆ) ರಂತೆ ನೀಡಲು ಬರುವುದಿಲ್ಲ”. ವೈಯಕ್ತಿಕ ಮಾಹಿತಿ ಕೊಡದಿರೋಕೆ ಇರುವ ಕಲಂ ಅದು. ನಾಲ್ಕಕ್ಕೆ “ಪ್ರಶ್ನಾರೂಪದಲ್ಲಿರುವುದರಿಂದ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ”. ಆ ಫಾರ್ಮ್ಯಾಟ್ ಇದ್ದದ್ದು ಹಳೇ ನುಡಿ ಫಾಂಟಿನಲ್ಲಿ. ಇ-ಆಫೀಸಿಗೆ ಹಾಕೋಕೆ ಯೂನಿಕೋಡಿಗೆ ಬದಲಿಸುವಾಗ ಅರ್ಧ ಒತ್ತಕ್ಷರ ಹಾರಿಹೋಗುತ್ತೆ, ಕೂತು ಒಂದೊಂದೇ ಸರಿ ಮಾಡಬೇಕು. ಆ ತಲೆನೋವಿನಲ್ಲಿ ಎರಡನೇ ಪುಟದ ಕೊನೇ ಪ್ಯಾರಾ ಬಿಟ್ಟುಹೋಗಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮ್ಯಾನೇಜರ್ ಕಣ್ಣಿಗೂ ಬೀಳಲಿಲ್ಲ, ಅವರು ಓದಿದ್ದರೆ ತಾನೇ!

ಜುಲೈ 1ಕ್ಕೆ ರವಾನೆ ಆಯಿತು. ಮೂವತ್ತು ದಿನದೊಳಗೆ ವಿಲೇವಾರಿ, ರಿಜಿಸ್ಟರಿನಲ್ಲಿ ಟಿಕ್. ಅವರ ಕೈಗೆ ಸಿಕ್ಕಿದ್ದು ಜುಲೈ 4.

ಜುಲೈ 22ರ ಸೋಮವಾರ ಆ ಕಾಗದ ಹಿಡಿದು ಬಂದರು. “ತಾಯಿ, ಇದೇನೂ ಅರ್ಥ ಆಗ್ಲಿಲ್ಲ.” ಕೌಂಟರಿನಲ್ಲಿ ಖಾತೆಯವರ ಸಾಲು, ನನ್ನ ಮುಂದೆ ಮೂರು ಕಡತ. “ಜೆಇ ರಜೆ ಮೇಲಿದ್ದಾರೆ ಯಜಮಾನ್ರೇ, ಸ್ವಲ್ಪ ದಿನ ಬಿಟ್ಟು ಬನ್ನಿ, ಮಾತಾಡಿ ನೋಡೋಣ” ಅಂದೆ. ಕಾಗದ ಕೈಗೆ ತೆಗೆದುಕೊಳ್ಳಲೂ ಇಲ್ಲ. ಅವರನ್ನು ಸಾಗಹಾಕಬೇಕು ಅಂತಲ್ಲ, ನಿಜವಾಗಿಯೂ ಜೆಇ ಹತ್ತಿರ ಕೇಳೋಣ ಅಂತಲೇ ಅಂದಿದ್ದು. ಆದರೆ ಮೊದಲ ಮೇಲ್ಮನವಿಗೆ ಇರೋದು ಹಿಂಬರಹ ಕೈಸೇರಿದ ದಿನದಿಂದ 30 ದಿನ. ಕೌಂಟರಿನಲ್ಲಿ ನಾನು ಆಡಿದ ಮಾತಿಗೆ ಆ ಲೆಕ್ಕ ನಿಲ್ಲೋದಿಲ್ಲ. ಆಗಸ್ಟ್ 3ಕ್ಕೆ ಅದು ಮುಗಿಯಿತು. ನಾನು ಮರೆತೇಬಿಟ್ಟಿದ್ದೆ.

ಆಗಸ್ಟ್ 12ಕ್ಕೆ ಮತ್ತೆ ಬಂದರು. ಈ ಸಲ ಕೌಂಟರ್ ಖಾಲಿ. ಜೆರಾಕ್ಸ್ ಅಂಗಡಿಯ ಹುಡುಗ ಅಪೀಲು ಹಾಕಿ ಅಂದನಂತೆ. “ಇದರಲ್ಲಿ ಕೊಟ್ಟಿದ್ದು ಯಾವುದು, ಕೊಡಲ್ಲ ಅಂದಿದ್ದು ಯಾವುದು, ಒಸಿ ಓದಿ ಹೇಳಿ ತಾಯಿ.” ನಾನು ಬರೆದದ್ದನ್ನು ನಾನೇ ಅವರ ಮುಂದೆ ಜೋರಾಗಿ ಓದಬೇಕಾಗಿ ಬಂತು.

ಒಂದನೇ ಬಾಬತ್ತು ಹೇಳಿದೆ, ತಲೆ ಆಡಿಸಿದರು. ಎರಡನೇದು ಓದಿದೆ. “ಮೂರನೇ ವ್ಯಕ್ತಿ ಅಂದ್ರೆ ಯಾರು?” ಗುತ್ತಿಗೆದಾರರು ಅಂದೆ. “ಎಂಬಿ ಬುಕ್ಕು ಬರೆಯೋದು ನಿಮ್ಮ ಇಂಜಿನಿಯರ್ ಅಲ್ವಾ? ನಮ್ಮಲ್ಲೂ ಹಂಗೇ ಇತ್ತು.” ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಬಿ ನಮ್ಮ ಕಚೇರಿ ದಾಖಲೆ. ನಮ್ಮ ಜೆಇ ಅಳೆದು ಬರೆದದ್ದು, ಮೇಲಿನವರು ಚೆಕ್ ಮಾಡಿ ಸಹಿ ಹಾಕಿದ್ದು, ಸಾರ್ವಜನಿಕ ದುಡ್ಡು ಹೋದದ್ದು ಅದರ ಮೇಲೆ. ಚರಂಡಿಯ ಉದ್ದ ಅಗಲ ಯಾರ ಖಾಸಗಿ ಮಾಹಿತಿ? ಬಿಲ್ಲಿನಲ್ಲಾದರೂ ಪ್ಯಾನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇರುತ್ತೆ, ಅದನ್ನು ಮುಚ್ಚಬಹುದು. ಅಷ್ಟನ್ನು ಮರೆಮಾಡಿ ಉಳಿದದ್ದು ಕೊಡಿ ಅಂತ ಕಲಂ 10 ಇದೆ. ಎರಡು ಸಾಲು ಮುಚ್ಚಬೇಕಿದ್ದ ಕಡೆ ನಾನು ಇಡೀ ಪುಟವನ್ನೇ ತಡೆದಿದ್ದೆ.

ನಾಲ್ಕನೇದರಲ್ಲಿ ಮಾತ್ರ ನಮ್ಮ ಉತ್ತರಕ್ಕೆ ಒಂದಿಷ್ಟು ಆಧಾರ ಇತ್ತು. ಯಾಕೆ, ಏನು ಅಂತ ಕೇಳಿದರೆ ಹೊಸದಾಗಿ ವಿವರಣೆ ಬರೆದುಕೊಡುವ ಜವಾಬ್ದಾರಿ ಪಿಐಓಗೆ ಇಲ್ಲ, ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕು ಅಷ್ಟೆ. 2011ರಲ್ಲಿ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆದರೆ ಆ ‘ಯಾಕೆ’ಗೆ ಉತ್ತರ ಯಾವುದೋ ಟಿಪ್ಪಣಿ ಹಾಳೆಯಲ್ಲಿ ಇದ್ದೇ ಇರುತ್ತೆ. “ಕಾಮಗಾರಿ ನಿಲ್ಲಿಸಿದ ಬಗ್ಗೆ ಕಡತದಲ್ಲಿರುವ ಟಿಪ್ಪಣಿ ಹಾಳೆಯ ಪ್ರತಿ ಕೊಡಿ” ಅಂತ ಕೇಳಿದ್ದರೆ ಇಲ್ಲ ಅನ್ನೋಕೆ ಆಗುತ್ತಿರಲಿಲ್ಲ. ಇದನ್ನು ಹೇಳಿದಾಗ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅಂದ್ರೆ ಕೇಳೋ ಧಾಟಿ ತಪ್ಪಿತ್ತು ಅಂತೀರಿ.”

ಆಮೇಲೆ ಅಪೀಲು ಯಾರಿಗೆ ಹಾಕಬೇಕು ಅಂದರು. “ಕೊನೇಲಿ ಬರೆದಿರುತ್ತೆ ನೋಡಿ” ಅಂತ ಕಾಗದ ತಿರುಗಿಸಿದೆ. ಇರಲಿಲ್ಲ. ಮತ್ತೆ ಮುಂದಕ್ಕೆ ತಿರುಗಿಸಿದೆ. ಮ್ಯಾನೇಜರ್ ಸಹಿ, ಸೀಲು, ಅಷ್ಟೇ. ಮಾಹಿತಿ ನಿರಾಕರಿಸಿದರೆ ಕಾರಣ, ಮೇಲ್ಮನವಿಯ ಮುದ್ದತು, ಯಾರಿಗೆ ಸಲ್ಲಿಸಬೇಕು ಅನ್ನೋ ವಿವರ, ಈ ಮೂರೂ ಹಿಂಬರಹದಲ್ಲೇ ಇರಬೇಕು ಅಂತ 7(8) ಹೇಳುತ್ತೆ. ನುಡಿಯಿಂದ ಬದಲಿಸುವಾಗ ಹಾರಿಹೋಗಿದ್ದು ಆ ಪ್ಯಾರಾ. ಕ್ಯಾಲೆಂಡರ್ ಕಡೆ ನೋಡಿದೆ. ಆಗಸ್ಟ್ 3 ದಾಟಿ ಒಂಬತ್ತು ದಿನ ಆಗಿತ್ತು. ಯಾರಿಗೆ, ಎಷ್ಟು ದಿನದೊಳಗೆ ಅಂತ ನಾನು ಬರೆದಿಲ್ಲ, ಬಾಯಲ್ಲೂ ಹೇಳಿಲ್ಲ, ಮೇಲಾಗಿ ಕಾಯಿರಿ ಅಂದಿದ್ದೇನೆ. ಆ ಹೊತ್ತಿಗೆ ಗಂಟಲು ಒಣಗಿತ್ತು.

ನನ್ನ ಹಿಂಬರಹದ ಮೇಲೆ ಅಪೀಲು ಬರೆಯೋದು ಹೇಗೆ ಅಂತ ಅವರಿಗೆ ನಾನೇ ಹೇಳಿಕೊಟ್ಟೆ. ಮ್ಯಾನೇಜರಿಗೆ ಗೊತ್ತಾಗಿದ್ದರೆ ಏನನ್ನುತ್ತಿದ್ದರೋ. ಬಿಳಿ ಹಾಳೆ ಸಾಕು. ಅರ್ಜಿ ದಿನಾಂಕ, ಹಿಂಬರಹದ ಸಂಖ್ಯೆ, ಅದು ಕೈಸೇರಿದ ದಿನ. ಯಾವ ಬಾಬತ್ತಿನ ಮೇಲೆ ತಕರಾರು ಅಂತ ಬಿಡಿಸಿ ಬರೆಯಬೇಕು. “ಪೂರ್ತಿ ಮಾಹಿತಿ ಕೊಟ್ಟಿಲ್ಲ” ಅಂತ ಸುಮ್ನೆ ಒಂದು ಸಾಲು ಬರೆದರೆ ಕೆಲಸ ಕೆಡುತ್ತೆ, ವಿಚಾರಣೆಯಲ್ಲಿ ಒಂದನೇ ಬಾಬತ್ತಿನ ಪ್ರತಿ ತೋರಿಸಿ ಕೊಟ್ಟಿದ್ದೇವೆ ಅಂದುಬಿಡುತ್ತೇವೆ. ಹಾಗಾಗಿ “ಬಾಬತ್ತು 2, ಎಂಬಿ ಕಚೇರಿ ದಾಖಲೆ, ದೃಢೀಕೃತ ಪ್ರತಿ ಕೊಡಿಸಿ”, “ಬಾಬತ್ತು 3, ಪ್ಯಾನ್ ಮತ್ತು ಖಾತೆ ಸಂಖ್ಯೆ ಮುಚ್ಚಿ ಉಳಿದದ್ದು ಕೊಡಿಸಿ” ಅಂತ ಬರೆಸಿದೆ. ತಡ ಆದದ್ದಕ್ಕೆ ಬೇರೆ ಪ್ಯಾರಾ. ಸರಿಯಾದ ಕಾರಣ ಇದ್ದರೆ 30 ದಿನ ಮೀರಿದರೂ ಸ್ವೀಕರಿಸಬಹುದು ಅಂತ 19(1)ರಲ್ಲೇ ಇದೆ. “ಹಿಂಬರಹದಲ್ಲಿ ಮೇಲ್ಮನವಿಯ ವಿವರ ಇರಲಿಲ್ಲ” ಅನ್ನೋಕಿಂತ ಗಟ್ಟಿ ಕಾರಣ ಇನ್ನೇನು ಬೇಕು? ಅಂಚೆ ಲಕೋಟೆ ಇಟ್ಟುಕೊಂಡಿದ್ದೀರಾ ಅಂದೆ. ಮಡಚಿ ಚೀಲದಲ್ಲಿಟ್ಟಿದ್ದರು.

ಅವರು ನೇರವಾಗಿ ಬೆಂಗಳೂರಿಗೆ, ಮಾಹಿತಿ ಆಯೋಗಕ್ಕೇ ಬರೆಯೋಣ ಅಂತ ಹೊರಟಿದ್ದರಂತೆ. ಬೇಡ ಅಂದೆ. ಕಲಂ 18ರ ದೂರಿನಲ್ಲಿ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿಸೋಕೆ ಬರೋದಿಲ್ಲ, ಅದಕ್ಕೆ 19ರ ಮೇಲ್ಮನವಿಯೇ ದಾರಿ. ಮಣಿಪುರದ ಪ್ರಕರಣದಲ್ಲಿ, ಅದೂ 2011ರಲ್ಲೇ, ತೀರ್ಮಾನ ಆಗಿದೆ. ಮುಖ್ಯಾಧಿಕಾರಿಗಳು 30 ದಿನದಲ್ಲಿ, ಕಾರಣ ಬರೆದರೆ ಹೆಚ್ಚೆಂದರೆ 45 ದಿನದಲ್ಲಿ ಆದೇಶ ಮಾಡಬೇಕು. ಮಾಡದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಅಲ್ಲಿಂದ 90 ದಿನದೊಳಗೆ ಆಯೋಗಕ್ಕೆ ಎರಡನೇ ಮೇಲ್ಮನವಿ.

ಆಗಸ್ಟ್ 14ಕ್ಕೆ ಅಪೀಲು ಸಲ್ಲಿಸಿ ಸ್ವೀಕೃತಿ ತೆಗೆದುಕೊಂಡರು. ವಿಚಾರಣೆ ಸೆಪ್ಟೆಂಬರ್ 9, ಗಣೇಶನ ಹಬ್ಬ ಆದ ಸೋಮವಾರ. ಚೇಂಬರಿನಲ್ಲಿ ಮ್ಯಾನೇಜರ್, ಜೆಇ, ನಾನು, ಎದುರಿಗೆ ಅವರು. ಮುಖ್ಯಾಧಿಕಾರಿಗಳು ಹಿಂಬರಹ ಓದಿದರು. ಕಾಗದ ಹಿಂದೆ ಮುಂದೆ ತಿರುಗಿಸಿದರು, ನಾನು ಅವತ್ತು ಮಾಡಿದ ಹಾಗೇ. “ಅಪೀಲು ಯಾರಿಗೆ ಅಂತ ಎಲ್ಲಿ ಬರೆದಿದ್ದೀರಿ?” ಮ್ಯಾನೇಜರ್ ನನ್ನ ಕಡೆ ನೋಡಿದರು. “ಬಿಟ್ಟುಹೋಗಿದೆ ಸಾರ್” ಅಂದೆ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟ. “ಮೂರನೇ ವ್ಯಕ್ತಿ ಅಂತೀರಲ್ಲ, ಗುತ್ತಿಗೆದಾರರಿಗೆ 11ರ ನೋಟಿಸ್ ಕೊಟ್ಟಿದ್ದೀರಾ?” ಕೊಟ್ಟಿರಲಿಲ್ಲ. ಮೂರನೇ ವ್ಯಕ್ತಿ ಗೋಪ್ಯ ಅಂತ ಒಪ್ಪಿಸಿದ ಮಾಹಿತಿ ಆಗಿದ್ದರೆ ಐದು ದಿನದೊಳಗೆ ಅವರಿಗೆ ತಿಳಿಸಿ, ಹೇಳಿಕೆಗೆ ಹತ್ತು ದಿನ ಕೊಡಬೇಕು. ನಾವು ಆ ಪದ ಮಾತ್ರ ಬಳಸಿದ್ದೆವು, ಆ ಕೆಲಸ ಮಾಡಿರಲಿಲ್ಲ.

ಕೊಡಬೇಡಿ ಅಂದವರು ಯಾರು ಅಂತ ಕೇಳಿದಾಗ ಜೆಇ ಫ್ಯಾನ್ ನೋಡುತ್ತಿದ್ದರು. ಪಿಐಓ ಯಾರ ನೆರವು ಕೇಳುತ್ತಾರೋ ಆ ಅಧಿಕಾರಿಯನ್ನೂ ತಪ್ಪಿನ ಲೆಕ್ಕಕ್ಕೆ ಪಿಐಓ ಅಂತಲೇ ಎಣಿಸಬೇಕು, ಕಲಂ 5(5). ಆಯೋಗಕ್ಕೆ ಹೋದರೆ ದಂಡ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ, ಸಂಬಳದಿಂದ. ಮುಖ್ಯಾಧಿಕಾರಿಗಳು ಇಷ್ಟು ಹೇಳಿದ ಮೇಲೆ ಜೆಇ ಎದ್ದು ಹೋಗಿ ಎಂಬಿ ತಂದರು. ನನಗೆ ಫೋನಿನಲ್ಲಿ ಹೇಳಿದ್ದನ್ನು ಟಿಪ್ಪಣಿಯಲ್ಲಿ ಬರೆದುಕೊಡಿ ಅಂತ ಅವತ್ತೇ ಕೇಳಬೇಕಿತ್ತು. ಈಗ ಕೇಳುತ್ತೇನೆ. ಆಶ್ಚರ್ಯ ನೋಡಿ, ಬರೆಯಿರಿ ಅಂದಾಗ ಅರ್ಧ ಜನ ‘ಕೊಟ್ಟುಬಿಡಿ’ ಅಂತಾರೆ.

ಈಗ 8(1)(ಜೆ) ಬದಲಾಗಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಡಿಪಿಡಿಪಿ ಕಾಯ್ದೆ ತಂದ ತಿದ್ದುಪಡಿ 2025ರ ನವೆಂಬರಿನಿಂದ ಜಾರಿಗೆ ಬಂದು, ಆ ಕಲಮಿನೊಳಗಿದ್ದ ಸಾರ್ವಜನಿಕ ಹಿತದ ಮಾತು ಹೋಗಿ ‘ವೈಯಕ್ತಿಕ ಮಾಹಿತಿ’ ಅಂತಷ್ಟೇ ಉಳಿದಿದೆ. ನಮ್ಮಂಥ ಟೇಬಲ್‌ಗಳಿಗೆ ಇಲ್ಲ ಅನ್ನೋದು ಇನ್ನೂ ಸಲೀಸಾಯಿತು. ಆದರೆ ಮಾಹಿತಿ ಕೊಡುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಹಾಗೇ ಇದೆ, ಅಪೀಲಿನಲ್ಲಿ ಅದನ್ನು ಕೇಳಬಹುದು. ಮತ್ತೆ ಚರಂಡಿಯ ಅಳತೆ ಆಗಲೂ ಈಗಲೂ ಯಾರ ವೈಯಕ್ತಿಕವೂ ಅಲ್ಲ.

ಎಂಬಿಯಲ್ಲಿ ಏನಿತ್ತು ಅಂತೀರಾ? ಏನೂ ಇರಲಿಲ್ಲ. ಎಸ್ಟಿಮೇಟ್ 86 ಮೀಟರ್, ಅಳತೆ 64 ಮೀಟರ್, ಬಿಲ್ಲೂ 64 ಮೀಟರಿಗೇ. ಅವರು ಮನೆಯಲ್ಲಿದ್ದ ಟೇಪ್ ಹಿಡಿದು ಅಳೆದಾಗಲೂ 64 ಬಂದಿತ್ತಂತೆ. ದುಡ್ಡು 86ಕ್ಕೆ ಹೋಗಿದೆ ಅಂತ ಅವರಿಗೆ ಅನುಮಾನ ಇತ್ತು, ನನ್ನ ಹಿಂಬರಹ ಓದಿದ ಮೇಲೆ ಅದು ಗಟ್ಟಿಯಾಗಿತ್ತು. ಉಳಿದ 22 ಮೀಟರಿಗೆ ಯಾರೋ ಜಾಗದ ತಕರಾರು ಅರ್ಜಿ ಕೊಟ್ಟಿದ್ದರು ಅಂತ ಟಿಪ್ಪಣಿ ಹಾಳೆಯಲ್ಲಿತ್ತು. ಮುಖ್ಯಾಧಿಕಾರಿಗಳು ಅದನ್ನೂ ಕೊಡಿ ಅಂದರು.

ಅವರು ಎರಡೂ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. “ಇಷ್ಟಕ್ಕೆ ಮೂರು ತಿಂಗಳಾ?” ಅಂದರು. ಮ್ಯಾನೇಜರ್ ಟೀ ತರಿಸಿದರು.

ಮರುವಾರ ನಮೂನೆ ‘ಎ’ಯಲ್ಲಿ ಇನ್ನೊಂದು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಪಿನ್ ಮಾಡಿ ನನ್ನ ಟೇಬಲ್ ಮೇಲಿಟ್ಟರು. ಒಂದೇ ಬಾಬತ್ತು. “ಟಿಪ್ಪಣಿ ಹಾಳೆಯಲ್ಲಿ ಹೇಳಿರುವ ತಕರಾರು ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳ ದೃಢೀಕೃತ ಪ್ರತಿ ಕೊಡುವುದು.” ‘ಯಾಕೆ’ ಅನ್ನೋದು ಎಲ್ಲೂ ಇರಲಿಲ್ಲ. “ಈಗ ಸರಿ ಇದೆಯಾ ತಾಯಿ?” ಅಂದರು. ಸರಿ ಇತ್ತು. ಒಳ ಬಂದ ವಹಿಯಲ್ಲಿ ನಂಬರ್ ಹಾಕಿ ಸೀಲ್ ಒತ್ತಿದೆ.