ಎಲ್‌ಎಸ್‌ಎಂ ಟ್ರೀಯೋ, ಬಿ-ಟ್ರೀಯೋ? ಕೀ ನೋಡಿ ಮಾಡಿದ ತೀರ್ಮಾನ

ಈವೆಂಟ್‌ಗಳನ್ನು ಕೂಡಿಡುವ ನನ್ನ ಪ್ರಾಜೆಕ್ಟ್‌ಗೆ ಸ್ಟೋರೇಜ್ ಎಂಜಿನ್ ನಿಗದಿಯಾಯಿತು: ಎಲ್‌ಎಸ್‌ಎಂ ಟ್ರೀ ಬಳಸುವ ರಾಕ್ಸ್‌ಡಿಬಿ. ಇಲ್ಲಿ ಬರೆಯುವುದೇ ಹೆಚ್ಚು. ಓದುವುದು ಅಪರೂಪ, ಅದೂ ಒಂದು ಐಡಿ ಕೊಟ್ಟು ಒಂದು ರೆಕಾರ್ಡ್ ಕೇಳುವಷ್ಟೇ. ರೆಕಾರ್ಡ್ ಸುಮಾರು 100 ಬೈಟ್, ಕೀ ಯಾವ ಕ್ರಮವೂ ಇಲ್ಲದ ಯುಯುಐಡಿ, ಡೇಟಾ 100 ಜಿಬಿ ತನಕ ಬೆಳೆಯಬಹುದು. ಯಂತ್ರದಲ್ಲಿರುವುದು 8 ಜಿಬಿ ಮೆಮೊರಿ.

ಮೊದಲು ಮೈಎಸ್‌ಕ್ಯುಎಲ್‌ನ ಎಂಜಿನ್ ಇನ್ನೋಡಿಬಿಯ ಬಿ-ಟ್ರೀಗೆ ಲೆಕ್ಕ ಹಾಕಿದೆ. ಕೀಗೆ ಕ್ರಮವಿಲ್ಲದ್ದರಿಂದ ಹೊಸ ರೆಕಾರ್ಡ್ ಯಾವ ಪೇಜ್‌ಗೆ ಬೇಕಾದರೂ ಹೋಗಿ ಬೀಳುತ್ತದೆ. ಆ ಪೇಜ್ ಬಹುತೇಕ ಮೆಮೊರಿಯಲ್ಲಿ ಇರುವುದಿಲ್ಲ. ಡಿಸ್ಕ್‌ನಿಂದ ಓದಿ, ರೆಕಾರ್ಡ್ ಸೇರಿಸಿ, ಮತ್ತೆ ಇಡೀ 16 ಕೆಬಿ ಬರೆಯಬೇಕು. ಅಂದರೆ ಸುಮಾರು 160 ಪಟ್ಟು ಬರಹ. ಬರೆಯುವ ಮಧ್ಯೆ ಕರೆಂಟ್ ಹೋದರೂ ಪೇಜ್ ಉಳಿಯಲಿ ಎಂದು ಡಬಲ್‌ರೈಟ್ ಬಫರ್‌ಗೂ ಒಂದು ಪ್ರತಿ ಹೋಗುತ್ತದೆ, ಹಾಗಾಗಿ 320ರ ಹತ್ತಿರ.

ರಾಕ್ಸ್‌ಡಿಬಿಯ ಎಲ್‌ಎಸ್‌ಎಂ ಟ್ರೀ ಹಳೆಯ ಪೇಜ್ ಹುಡುಕಿಕೊಂಡು ಹೋಗುವುದೇ ಇಲ್ಲ. ರೆಕಾರ್ಡ್ ಡಿಸ್ಕ್‌ನ ಲಾಗ್‌ಗೂ ಮೆಮೊರಿಯಲ್ಲಿರುವ ಮೆಮ್‌ಟೇಬಲ್‌ಗೂ ಸೇರುತ್ತದೆ. ಮೆಮ್‌ಟೇಬಲ್ 64 ಎಂಬಿ ತುಂಬಿದಾಗ ಕೀ ಕ್ರಮದಲ್ಲಿ ಒಂದು ಫೈಲ್ ಆಗಿ ಡಿಸ್ಕ್‌ನ ಮೊದಲ ಹಂತವಾದ ಎಲ್0ಗೆ ಇಳಿಯುತ್ತದೆ. ಬೆಲೆ ತೆರಬೇಕಾದ್ದು ಆಮೇಲೆ, ಫೈಲ್‌ಗಳನ್ನು ಬೆರೆಸಿ ಕೆಳಗಿನ ಹಂತಕ್ಕೆ ಮತ್ತೆ ಬರೆಯುವ ಕಂಪ್ಯಾಕ್ಷನ್‌ನಲ್ಲಿ. ಎಲ್1 256 ಎಂಬಿ, ಕೆಳಗಿನ ಪ್ರತಿ ಹಂತ 10 ಪಟ್ಟು ದೊಡ್ಡದು ಎಂದಾಗ 100 ಜಿಬಿ ಎಲ್4ರಲ್ಲಿ ಹಿಡಿಯುತ್ತದೆ. ಎಲ್1ರಿಂದ ಕೆಳಗೆ ಮೂರು ಸಲ ಇಳಿಯುವಾಗ ಪ್ರತಿ ಸಲ ಸುಮಾರು 10 ಪಟ್ಟು ಹಿಡಿದರೂ, ಲಾಗ್ ಮತ್ತು ಎಲ್0 ಕೆಲಸ ಸೇರಿ 35ರ ಆಸುಪಾಸು.

ಆದರೆ ಈ 35 ಪಟ್ಟು ಬರಹವನ್ನು ಡಿಸ್ಕ್ ಸತತವಾಗಿ ತಾಳಿಕೊಳ್ಳಬೇಕು. ಕಂಪ್ಯಾಕ್ಷನ್ ಹಿಂದೆ ಬಿದ್ದರೆ ಏನಾಗುತ್ತದೆಂದು ನೋಡಲು ಹಿನ್ನೆಲೆ ಥ್ರೆಡ್‌ಗಳನ್ನು ಬೇಕೆಂದೇ ಕಡಿಮೆ ಮಾಡಿ ಲೋಡ್ ಹಾಕಿದೆ. ಶುರುವಿನಲ್ಲಿ ಎಲ್ಲ ಸಲೀಸು. ಎಲ್0ರಲ್ಲಿ 4 ಫೈಲ್ ಆದಾಗ ಕಂಪ್ಯಾಕ್ಷನ್ ಶುರುವಾಗಬೇಕು, ಆದರೂ ಫೈಲ್‌ಗಳು ಏರುತ್ತಲೇ ಹೋದವು. 20 ಮುಟ್ಟಿದಾಗ ಎಂಜಿನ್ ತಾನೇ ಬರಹದ ವೇಗ ತಗ್ಗಿಸಿತು. 36ಕ್ಕೆ ಪೂರ್ತಿ ನಿಲ್ಲಿಸಿತು. ಹತ್ತು ನಿಮಿಷದ ಬೆಂಚ್‌ಮಾರ್ಕ್ ನಂಬಬಾರದು ಅನ್ನಿಸುವುದು ಇಲ್ಲೇ: ಡೇಟಾ ಕೆಳ ಹಂತಗಳಿಗೆ ಇಳಿಯುವ ಮೊದಲೇ ಅಳತೆ ಮುಗಿದಿರುತ್ತದೆ. ಈಗ ನಾನು ಕಣ್ಣಿಟ್ಟಿರುವುದು ಈ ಪ್ರಾಪರ್ಟಿಯ ಮೇಲೆ:

```
rocksdb.num-files-at-level0
```

ಓದುವ ಕಡೆ, ಒಂದು ಐಡಿ ಯಾವ ಹಂತದಲ್ಲಾದರೂ ಇರಬಹುದು. ಐಡಿ ಇಲ್ಲದ ಫೈಲ್‌ಗಳನ್ನು ಓದದೆಯೇ ಬಿಟ್ಟುಬಿಡಲು ನೆರವಾಗುವ ಬ್ಲೂಮ್ ಫಿಲ್ಟರ್ ತಾನಾಗಿ ಚಾಲೂ ಆಗುವುದಿಲ್ಲ, ನಾವೇ ಹಾಕಬೇಕು. ಕೀಗೆ 10 ಬಿಟ್ ಕೊಟ್ಟರೆ ಸುಳ್ಳು 'ಇದೆ' ಉತ್ತರ ಸುಮಾರು 1% ಮಾತ್ರ. ನೂರು ಕೋಟಿ ಕೀಗಳಿಗೆ ಅದು 1.25 ಜಿಬಿ, ನನ್ನ 8 ಜಿಬಿಯಲ್ಲಿ ಹಿಡಿಯುತ್ತದೆ. ರೇಂಜ್ ಹುಡುಕಾಟಕ್ಕೆ ಈ ಫಿಲ್ಟರ್ ನೆರವಾಗದು, ನನಗೆ ಅದು ಬೇಕಿಲ್ಲ.

ಇನ್ನೊಂದು ಎಚ್ಚರ: ಬರೆಯುವ ಮುನ್ನ 'ಈ ಐಡಿ ಈಗಾಗಲೇ ಇದೆಯೇ' ಎಂದು ಪ್ರತಿ ಸಲ ಕೇಳಿದರೆ ಪ್ರತಿ ಬರಹದ ಹಿಂದೆ ಒಂದು ಓದು ಅಂಟಿಕೊಳ್ಳುತ್ತದೆ. ಅದಕ್ಕೇ ಆ ತಪಾಸಣೆ ಬಿಟ್ಟಿದ್ದೇನೆ. ಅದೇ ಈವೆಂಟ್ ಎರಡನೇ ಸಲ ಬಂದರೆ ಹಳೆಯದರ ಮೇಲೆ ಕೂರುತ್ತದೆ, ಅಷ್ಟೇ.

ಕೀ ಕಾಲಕ್ರಮದಲ್ಲಿ ಏರುವಂಥದ್ದಾಗಿದ್ದರೆ ನಾನು ಬಿ-ಟ್ರೀಯನ್ನೇ ಇಟ್ಟುಕೊಳ್ಳುತ್ತಿದ್ದೆ. ಆಗ ಬರಹವೆಲ್ಲ ಬಲತುದಿಯ ಪೇಜ್‌ಗೇ ಬಿದ್ದು, ಒಂದು ಪೇಜ್ ನೂರಕ್ಕೂ ಹೆಚ್ಚು ರೆಕಾರ್ಡ್ ತುಂಬಿಕೊಂಡು ಡಿಸ್ಕ್‌ಗೆ ಹೋಗುತ್ತದೆ. ಆ 160 ಪಟ್ಟಿನ ಲೆಕ್ಕ ಅಲ್ಲಿ ಅನ್ವಯಿಸುವುದೇ ಇಲ್ಲ.