ಕತ್ತರಿಗೆ ಸಿಕ್ಕಿದ ‘ಅಂತ’

ಅಕ್ಕನ ಮೆಸೇಜ್ ಬಂದಾಗ ರಾತ್ರಿ ಹತ್ತೂವರೆ. "ಲೋ, ನಿಮ್ಮ ಪಾಸ್ಟರ್ ಯಾಕೆ ಹಂಗಂದ್ರು? ವಾಪಸ್ ಬಂದ ಮಗನನ್ನ ಅಪ್ಪ ಮನೆಗೆ ಸೇರಿಸಬಾರದಿತ್ತಾ?"

ಹತ್ತು ನಿಮಿಷ ಮುಂಚೆ ನಾನು ಅವಳಿಗೆ 41 ಸೆಕೆಂಡಿನ ಒಂದು ಕ್ಲಿಪ್ ಕಳಿಸಿದ್ದೆ. ಭಾನುವಾರದ ಪ್ರಸಂಗ ಒಟ್ಟು 47 ನಿಮಿಷ. ಬೈಬಲ್‌ನ ಲೂಕ 15ನೇ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯ. ಆಸ್ತಿಯ ಪಾಲು ಹಾಳು ಮಾಡಿ ವಾಪಸ್ ಬಂದ ಚಿಕ್ಕ ಮಗನಿಗೆ ಅಪ್ಪ ಹಬ್ಬ ಮಾಡ್ತಾನೆ, ಮನೆಯಲ್ಲೇ ದುಡಿದ ಅಣ್ಣನಿಗೆ ಸಿಟ್ಟು ಬರುತ್ತೆ. ಅದರಿಂದ ನಾಲ್ಕು ಚಿಕ್ಕ ಕ್ಲಿಪ್ ಮಾಡಿಕೊಡು ಅಂತ ಪಾಸ್ಟರ್ ಕೇಳಿದ್ದರು. ಅಕ್ಕನಿಗೆ ಭಾನುವಾರವೂ ಡ್ಯೂಟಿ ಇರುತ್ತೆ, ಆರಾಧನೆಗೆ ಬಂದಿರಲಿಲ್ಲ. ಅವಳಿಗೆ ಕಳಿಸಿದ್ದು ಸುಮ್ನೆ, ಹೊಗಳಿಸಿಕೊಳ್ಳೋಕೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದ ಕ್ಲಿಪ್.

ಅದರಲ್ಲಿದ್ದ ಮಾತು ಇಷ್ಟು: "ವರ್ಷಗಟ್ಟಲೆ ಮನೆಯಲ್ಲೇ ದುಡಿದವನಿಗೆ ಏನೂ ಇಲ್ಲ. ಆಸ್ತಿ ಹಾಳು ಮಾಡಿ ಬಂದವನಿಗೆ ಹಬ್ಬ. ಇದು ನ್ಯಾಯಾನಾ? ಇಂಥವನನ್ನ ಒಳಗೆ ಸೇರಿಸಲೇಬಾರದಿತ್ತು. ಬಾಗಿಲಲ್ಲೇ ನಿಲ್ಲಿಸಬೇಕಿತ್ತು." ಪಾಸ್ಟರ್ ಗಂಟಲು ಏರಿಸಿ ಹೇಳುತ್ತಾರೆ. ಕೊನೆಯ ಮಾತಾದ ಮೇಲೆ ಇಡೀ ಸಭೆ ಗಪ್‌ಚುಪ್. ಅಲ್ಲೇ ಕತ್ತರಿಸಿದ್ದೆ. ಮೌನದಲ್ಲಿ ಮುಗಿದರೆ ಗಟ್ಟಿಯಾಗಿರುತ್ತೆ ಅಂದುಕೊಂಡಿದ್ದೆ.

ಅಕ್ಕನ ಪ್ರಶ್ನೆ ನೋಡಿ ಪೂರ್ತಿ ವಿಡಿಯೊ ಮತ್ತೆ ತೆರೆದೆ. ಆ ಮೌನ ನಾಲ್ಕು ಸೆಕೆಂಡ್ ಇದೆ. ಅದಾದ ಮೇಲೆ ದನಿ ತಗ್ಗಿಸಿ ಪಾಸ್ಟರ್ ಹೇಳುತ್ತಾರೆ: "...ಅಂತ ಆ ಅಣ್ಣ ಅಂದುಕೊಂಡಿರಬೇಕು. ನಾವೂ ಎಷ್ಟೋ ಸಲ ಅಂದುಕೊಂಡಿದ್ದೀವಿ."

ಒಂದು ‘ಅಂತ’ ನನ್ನ ಕತ್ತರಿಗೆ ಸಿಕ್ಕಿ ಹೋಗಿತ್ತು. ಅಣ್ಣನ ಸಿಟ್ಟು ಪಾಸ್ಟರ್ ಬೋಧನೆ ಆಗಿಬಿಟ್ಟಿತ್ತು.

ಕತ್ತರಿಸುವಾಗ ನನಗೆ ಇದು ಹೊಳೆಯಲೇ ಇಲ್ಲ. ಯಾಕಂದ್ರೆ ನಾನು ಆ ಪ್ರಸಂಗವನ್ನು ಸಭೆಯಲ್ಲಿ ಒಮ್ಮೆ, ಮನೆಯಲ್ಲಿ ಎರಡು ಸಲ ಕೇಳಿದ್ದೆ. ಕ್ಲಿಪ್‌ನಲ್ಲಿ ಇಲ್ಲದ ‘ಅಂತ’ ನನ್ನ ಕಿವಿಯಲ್ಲಿ ಇದ್ದೇ ಇತ್ತು. ಅಕ್ಕನ ಕಿವಿಯಲ್ಲಿ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಇದು ಸ್ವಲ್ಪ ಜಾಸ್ತಿ ಅಪಾಯದ ವಿಷಯ. ಇದು ಯಾರ ಮಾತು ಅಂತ ತಿಳಿಸುವ ಪದ ಮಾತೆಲ್ಲ ಮುಗಿದ ಮೇಲೆ ಬರುತ್ತೆ. ‘ಇಲ್ಲ’, ‘ಅಲ್ಲ’ ಕೂಡ ಕೊನೆಯಲ್ಲೇ. "ಅಪ್ಪ ಮಗನ ತಪ್ಪಿನ ಲೆಕ್ಕ ಕೇಳಲು ಓಡಿ ಬಂದದ್ದು..." ಅಂತ ಒಂದು ಸಾಲು ಅದೇ ಪ್ರಸಂಗದಲ್ಲಿದೆ. ಅದಾದ ಮೇಲೆ ಒಂದು ಉಸಿರು, ಆಮೇಲೆ "ಅಲ್ಲ". ಒಳ್ಳೆಯ ಬೋಧಕರು ಬೇಕಂತಲೇ ಅಲ್ಲಿ ನಿಲ್ಲಿಸುತ್ತಾರೆ, ಕೇಳುವವರು ಕಾಯಲಿ ಅಂತ. ಎಡಿಟ್ ಮಾಡುವವನಿಗೆ ಪರದೆಯ ಮೇಲೆ ಕಾಣುವುದು ಧ್ವನಿಯ ಅಲೆಯಲ್ಲಿ ಒಂದು ಚಪ್ಪಟೆ ಜಾಗ. ಕತ್ತರಿಸಲು ಹೇಳಿ ಮಾಡಿಸಿದ ಹಾಗಿರುತ್ತೆ!

ಮರುದಿನ ಎಲ್ಲ ಅಳಿಸಿ ಮೊದಲಿಂದ ಕೂತೆ. ಮೊದಲ ಸಲ ನಾನು ಚೆನ್ನಾಗಿರುವ ಮಾತುಗಳನ್ನು ಹುಡುಕಿಕೊಂಡು ಹೋಗಿದ್ದೆ. ಈ ಸಲ ಕಾಗದದ ಮೇಲೆ ನಕ್ಷೆ ಹಾಕಿದೆ. ಎಡಗಡೆ ನಿಮಿಷ, ಬಲಗಡೆ ಅಲ್ಲಿ ಏನು ನಡೀತಿದೆ ಅಂತ ಒಂದೇ ಸಾಲು. 4ನೇ ನಿಮಿಷ: ಈ ಕಥೆಯನ್ನು ಯೇಸು ಯಾರಿಗೆ ಹೇಳಿದ. 9ನೇ ನಿಮಿಷ: ಆಡಿನ ಮರಿ. 17ನೇ ನಿಮಿಷ: ಅಣ್ಣನ ಸಿಟ್ಟು. 22ನೇ ನಿಮಿಷ: ಅಪ್ಪ ಹೊರಗೆ ಬಂದದ್ದು. ಹೀಗೆ ಎರಡು ಹಾಳೆ. ಪಕ್ಕದಲ್ಲಿ ಇನ್ನೊಂದು ಗುರುತು: ಇದು ಪಾಸ್ಟರ್ ಸ್ವಂತ ಮಾತೋ, ಇನ್ನೊಬ್ಬರ ಬಾಯಿಂದ ಆಡಿದ್ದೋ, ಆಮೇಲೆ ತಾವೇ ಅಲ್ಲಗಳೆಯುವ ಮಾತೋ. ಬರೆದು ನೋಡಿದರೆ, ನಾನು ಮೊದಲು ಆರಿಸಿದ್ದ ನಾಲ್ಕರಲ್ಲಿ ಎರಡು ಅವರ ಸ್ವಂತ ಮಾತೇ ಅಲ್ಲ.

ಆಮೇಲೆ ಕೊನೆಯಿಂದ ಶುರು ಮಾಡಿದೆ. ಒಂದು ವಿಚಾರ ಎಲ್ಲಿ ನಿಜವಾಗಿ ಮುಗಿಯುತ್ತೆ ಅಂತ ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ನಡೆದು ಆರಂಭ ಹುಡುಕುವುದು. ಮುಗಿದಿದೆಯೋ ಇಲ್ಲವೋ ಅನ್ನೋದು ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುತ್ತೆ. ಸಾಮಾನ್ಯವಾಗಿ ಮಾತು ಮುಗಿದಾಗ ದನಿ ಇಳಿಯುತ್ತೆ. ಏರಿದ ದನಿಯಲ್ಲಿ ನಿಂತರೆ ಇನ್ನೂ ಏನೋ ಬಾಕಿ ಇದೆ ಅಂತಲೇ ಲೆಕ್ಕ. ಬಾಗಿಲಲ್ಲಿ ನಿಲ್ಲಿಸಬೇಕಿತ್ತು ಅನ್ನುವಾಗ ಪಾಸ್ಟರ್ ದನಿ ತುದಿಯಲ್ಲಿತ್ತು. ಅದನ್ನು ಕೇಳಿಯೂ ನಾನು ಕೇಳಿಸಿಕೊಂಡಿರಲಿಲ್ಲ.

ಅಣ್ಣನ ಸಿಟ್ಟಿನ ಕ್ಲಿಪ್ಪನ್ನು ಈ ಸಲ ‘ಅಂತ’ದವರೆಗೆ ಅಲ್ಲ, ಅದರಾಚೆಗೂ ತೆಗೆದುಕೊಂಡು ಹೋದೆ. ಬರೀ "ಅಂತ ಅಂದುಕೊಂಡ" ಅನ್ನುವಲ್ಲಿ ಬಿಟ್ಟರೆ ಪಾಸ್ಟರ್ ಏನು ಹೇಳುತ್ತಾರೆ ಅಂತ ಗೊತ್ತಾಗಲ್ಲ. ಅವರ ಉತ್ತರ ಇನ್ನೂ ಅರ್ಧ ನಿಮಿಷ ಮುಂದೆ ಇತ್ತು. ಮಧ್ಯೆ ಒಂದು ಮಗು ಅತ್ತು, ಪಾಸ್ಟರ್ ನಿಲ್ಲಿಸಿ, ಮೈಕ್ ಸರಿ ಮಾಡಿಕೊಂಡು ಹತ್ತೊಂಬತ್ತು ಸೆಕೆಂಡ್ ಹೋಗಿತ್ತು. ಅದನ್ನು ತೆಗೆದೆ. ಶುರುವಿನ ಮಾತಿಗೆ ಮುಂಚೆ "ಅವನಿಗೆ ಸಿಟ್ಟು ಬಂತು" ಅಂತ ಇತ್ತು. ಯಾರಿಗೆ? ಇನ್ನೂ ಎರಡು ವಾಕ್ಯ ಹಿಂದೆ ಹೋದೆ, ಅಲ್ಲಿ "ದೊಡ್ಡ ಮಗ ಹೊಲದಿಂದ ಬರ್ತಾನೆ, ಮನೆಯಲ್ಲಿ ವಾದ್ಯ, ಕುಣಿತ" ಅಂತ ಸಿಕ್ಕಿತು. ಒಟ್ಟು 1 ನಿಮಿಷ 38 ಸೆಕೆಂಡ್. ಮೊದಲಿನದರ ಎರಡು ಪಟ್ಟಿಗಿಂತಲೂ ಉದ್ದ.

ಮಗು ಅತ್ತದ್ದನ್ನು ತೆಗೆದ ಜಾಗದಲ್ಲಿ ಚಿತ್ರ ಜಿಗಿಯುತ್ತಿತ್ತು. ಜೋಡಣೆಯ ನಂತರದ ತುಂಡನ್ನು ಹತ್ತು ಪರ್ಸೆಂಟ್ ಹತ್ತಿರಕ್ಕೆ ಎಳೆದೆ. ಬೇರೆ ಕ್ಯಾಮೆರಾದ ಹಾಗೆ ಕಾಣುತ್ತೆ. ಧ್ವನಿಯನ್ನು ಎರಡು ಮೂರು ಫ್ರೇಮ್ ಒಂದರ ಮೇಲೊಂದು ಹಾಯಿಸಿದೆ. ಇಲ್ಲದಿದ್ದರೆ ಹಾಲ್‌ನ ಫ್ಯಾನ್ ಸದ್ದು ಟಕ್ ಅಂತ ಕಡಿಯುತ್ತೆ. ಫೋನಿಗೆ ಅಂತ ಚಿತ್ರವನ್ನು ನಿಲುವಾಗಿ ಕತ್ತರಿಸುವುದೇ ಬೇರೆ ಗೋಳು. 1920 ಪಿಕ್ಸೆಲ್ ಅಗಲದಲ್ಲಿ ಉಳಿಯುವುದು ಸುಮಾರು 608. ನಮ್ಮ ಪಾಸ್ಟರ್ ಒಂದು ಕಡೆ ನಿಲ್ಲುವವರಲ್ಲ. ಅವರು ನಡೆದಂತೆಲ್ಲ ಚೌಕಟ್ಟನ್ನೂ ಕೈಯಾರೆ ನಡೆಸಬೇಕು.

ಅಪ್ಪ ಹೊರಗೆ ಬಂದ ಕ್ಲಿಪ್ ತಾನಾಗಿಯೇ ಕೂತಿತು. ಚಿಕ್ಕ ಮಗನನ್ನು ದೂರದಲ್ಲಿ ಕಂಡು ಅಪ್ಪ ಓಡಿಹೋದ, ದೊಡ್ಡ ಮಗ ಒಳಗೆ ಬರಲ್ಲ ಅಂದಾಗಲೂ ಅದೇ ಅಪ್ಪ ಎದ್ದು ಹೊರಗೆ ಬಂದು ಬೇಡಿಕೊಂಡ. 55 ಸೆಕೆಂಡ್. ಮುಂದೆ ಇದ್ದ "ಎರಡನೇದಾಗಿ" ಮಾತ್ರ ತೆಗೆದೆ. ಮೊದಲನೆಯದು ಎಲ್ಲಿ ಅಂತ ನೋಡುವವರು ಹುಡುಕಬಾರದಲ್ವಾ.

ಕಾಡಿದ್ದು ಆಡಿನ ಮರಿ. ಅಣ್ಣ ಅಪ್ಪನ ಹತ್ತಿರ, ಗೆಳೆಯರ ಜೊತೆ ಸಂತೋಷಪಡೋಕೆ ನೀನು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ದೂರುತ್ತಾನೆ. ಪಾಸ್ಟರ್ 9ನೇ ನಿಮಿಷದಲ್ಲಿ ಅದನ್ನು ಹಿಡಿದುಕೊಂಡರು. ಆಮೇಲೆ ನಾವು ದೇವರ ಹತ್ತಿರ ಇಡುವ ಬಾಕಿ ಲೆಕ್ಕಕ್ಕೆಲ್ಲ ಅವರು ‘ಆಡಿನ ಮರಿ’ ಅಂತಲೇ ಹೆಸರಿಟ್ಟರು. ಸಭೆ ಪ್ರತಿ ಸಲ ನಕ್ಕಿತು. 38ನೇ ನಿಮಿಷದಲ್ಲಿ ತಟ್ಟನೆ, "ನಿಮ್ಮ ಆಡಿನ ಮರಿ ಯಾವುದು?" ಅಂದರು. ಯಾರೂ ನಗಲಿಲ್ಲ. ನನಗೂ ಚುರುಕ್ ಅಂದಿತ್ತು.

ಆ ಒಂದು ನಿಮಿಷವನ್ನು ಬೇರೆಯಾಗಿ ನೋಡಿದರೆ, ಒಬ್ಬರು ಗಂಭೀರವಾಗಿ ಆಡಿನ ಮರಿ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. 9ನೇ ನಿಮಿಷದ ಆರು ಸೆಕೆಂಡ್ ತಂದು 38ರ ಮುಂದೆ ಅಂಟಿಸಿದರೆ ಸರಿಹೋಗುತ್ತಿತ್ತು. ಅಂಟಿಸಿಯೂ ನೋಡಿದೆ. ಮಾತು ಸರಾಗ, ಆದರೆ ಮುಖ ಬೇರೆ. ಮೊದಲ ತುಂಡಿನಲ್ಲಿ ನಗುತ್ತಿದ್ದವರು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಭೀರ. ಅದಕ್ಕಿಂತ ಜಾಸ್ತಿ, ಇಪ್ಪತ್ತೊಂಬತ್ತು ನಿಮಿಷ ದೂರದ ಎರಡು ಮಾತನ್ನು ಅವರು ಒಂದೇ ಉಸಿರಲ್ಲಿ ಆಡಿದ ಹಾಗೆ ನಾನು ತೋರಿಸುತ್ತಿದ್ದೆ. ಪಾಸ್ಟರ್‌ಗೆ ಫೋನ್ ಮಾಡಿದೆ.

"ತೆಗೆಯೋದು ತೆಗಿ ತಮ್ಮಾ, ನಾನು ಜಾಸ್ತಿನೇ ಮಾತಾಡ್ತೀನಿ," ಅಂದರು. "ಆದ್ರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಬೇಡ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಹಾಗೇ ಹೇಳಿದ್ದು ಅಂತ ಹೇಳೋಕೆ ಬರಬೇಕು."

ಹಾಗಾಗಿ ಅಂಟಿಸಿದ್ದನ್ನು ಬಿಡಿಸಿದೆ. ಬದಲಿಗೆ ಕ್ಲಿಪ್ ಶುರುವಿನಲ್ಲಿ, ಅವರ ದನಿಯ ಮೇಲೆಯೇ, ಅಣ್ಣನ ದೂರನ್ನು ಒಂದು ಸಾಲಿನಲ್ಲಿ ಬರೆದು ಕೆಳಗೆ ‘ಲೂಕ 15:29’ ಅಂತ ಹಾಕಿದೆ. ಐದು ಸೆಕೆಂಡ್ ಇರುತ್ತೆ. ಬರಹ ಆದರೆ ಅದು ಅವರ ಬಾಯಿಗೆ ತುರುಕಿದ ಮಾತಾಗಲ್ಲ. ಮೇಲಿನಿಂದ ಹಾಕಿದ್ದು ಅಂತ ನೋಡಿದವರಿಗೇ ಗೊತ್ತಾಗುತ್ತೆ.

ನಾಲ್ಕನೆಯದು ಆಗಲಿಲ್ಲ. ಅದು ಪ್ರಸಂಗದ ಕೊನೆ. ಅಣ್ಣ ಒಳಗೆ ಹೋದನೋ ಇಲ್ಲವೋ ಅಂತ ಕಥೆ ಹೇಳುವುದೇ ಇಲ್ಲ. ಯಾಕೆ ಹೇಳಲ್ಲ ಅಂತ ಅರ್ಥವಾಗಬೇಕಾದರೆ 4ನೇ ನಿಮಿಷಕ್ಕೆ ಹೋಗಬೇಕು. ಸುಂಕದವರು, ಪಾಪಿಗಳು ಯೇಸುವಿನ ಸುತ್ತ ಸೇರಿದ್ದಾರೆ, ಇವನು ಇಂಥವರ ಜೊತೆ ಊಟ ಮಾಡ್ತಾನೆ ಅಂತ, ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರು ಗೊಣಗುತ್ತಿದ್ದಾರೆ. ಕಥೆಯ ಅಣ್ಣ ಅವರೇ. ಒಳಗೆ ಹೋಗಬೇಕೋ ಬೇಡವೋ ಅಂತ ಅವರೇ ಹೇಳಬೇಕು, ಅದಕ್ಕೇ ಯೇಸು ಅಲ್ಲಿಗೆ ನಿಲ್ಲಿಸಿದ ಅನ್ನುವುದು ಪಾಸ್ಟರ್ ಮಾತು. ಇದರ ಒಂದು ಕಾಲು 4ರಲ್ಲಿ, ಇನ್ನೊಂದು 45ರಲ್ಲಿ. ಮಧ್ಯೆ ಬರಹ ಹಾಕೋಣ ಅಂದರೆ ಪುಟಗಟ್ಟಲೆ ಆಗುತ್ತೆ. ಮೂರೇ ಕ್ಲಿಪ್ ಸಾಕು ಅಂತ ಪಾಸ್ಟರ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಇಷ್ಟವಾಗಿದ್ದೇ ಅದು," ಅಂದರು. ಆಮೇಲೆ ಒಪ್ಪಿದರು.

ರಾತ್ರಿ ಮೂರನ್ನೂ ಅಕ್ಕನಿಗೆ ಕಳಿಸಿದೆ. ಈ ಸಲ ಹೊಗಳಿಕೆ ಕೇಳಲಿಲ್ಲ. ಒಂದೊಂದರಲ್ಲೂ ಪಾಸ್ಟರ್ ಏನು ಹೇಳಿದರು ಅಂತ ಒಂದೇ ವಾಕ್ಯದಲ್ಲಿ ಬರೆದು ಕಳಿಸು ಅಂದೆ. "ಪರೀಕ್ಷೆನಾ?" ಅಂದಳು. ಆದರೂ ಬರೆದಳು. ಮೂರೂ ಸರಿ ಇತ್ತು. ಆಡಿನ ಮರಿಯದ್ದಕ್ಕೆ, "ನಾನು ಇಷ್ಟು ಮಾಡಿದೆ ನೀನೇನು ಕೊಟ್ಟೆ ಅಂತ ದೇವರ ಹತ್ರ ಲೆಕ್ಕ ಕೇಳ್ತೀವಿ ಅಂತಾರೆ," ಅಂತ ಬರೆದಿದ್ದಳು.

ಎರಡು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್. "ಲೋ, ಆಮೇಲೆ ಆ ಅಣ್ಣ ಒಳಗೆ ಹೋದನಾ?"

47 ನಿಮಿಷದ್ದನ್ನೇ ಕಳಿಸಿದೆ. ಮೂರು ದಿನವಾಯ್ತು, ಇನ್ನೂ ನೋಡಿದ ಹಾಗಿಲ್ಲ.