ಗಾಳಿಯ ಸರದಿ

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ವಾಪಸ್ ಬರುವಾಗ ಪಡುವಣ ಗಾಳಿ ನೇರ ಎದೆಗೇ ಬಡಿಯುತ್ತಿತ್ತು. ಹೋದ ವಾರ ಒಬ್ಬನೇ ಬಂದಾಗ ಸೈಕಲ್ ಗಂಟೆಗೆ 22 ಕಿ.ಮೀ. ದಾಟಿರಲಿಲ್ಲ. ಇವತ್ತು ಐದು ಜನ ಇದ್ದೆವು, ಸರಾಸರಿ 26 ಬಂತು.

ಸಪಾಟು ರಸ್ತೆಯಲ್ಲಿ ನಮ್ಮ ಶಕ್ತಿ ಜಾಸ್ತಿ ಹೋಗುವುದು ಗಾಳಿ ಸೀಳಲಿಕ್ಕೇ. ಮುಂದಿನವರ ಚಕ್ರಕ್ಕೆ ಅರ್ಧ ಮೀಟರ್ ಹಿಂದೆ ಇದ್ದರೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಐದೂ ಜನ ಸರದಿಯಂತೆ ಮುಂದೆ ಬಂದರೆ, ಎರಡು ನಿಮಿಷ ಮುಂದೆ ತುಳಿದವರಿಗೆ ಎಂಟು ನಿಮಿಷ ಮರೆ ಸಿಗುತ್ತದೆ ಅಲ್ವಾ, ವೇಗ ನಿಲ್ಲುವುದು ಅದರಿಂದಲೇ.

ನನ್ನ ಸರದಿಯಲ್ಲಿ ಹುರುಪಿನಿಂದ 30ಕ್ಕೆ ಏರಿಸಿದೆ. ಕೊನೆಯವರು ನಾಲ್ಕೈದು ಮೀಟರ್ ಹಿಂದೆ ಬಿದ್ದರು, ಮರೆ ತಪ್ಪಿ ಒಬ್ಬರೇ ಗಾಳಿಗೆ ಸಿಕ್ಕರು. "ಸ್ಪೀಡ್ ಏರಿಸಬ್ಯಾಡ್ರಿ, ಅಷ್ಟ ಇಡ್ರಿ" ಎಂದು ಕೂಗು ಬಂತು. ತಕ್ಷಣ ಬ್ರೇಕ್ ಹಿಡಿಯದೆ, ಸುಮ್ನೆ ತುಳಿತ ಸಡಿಲಿಸಿದೆ. ಮತ್ತೆ ಐದೂ ಚಕ್ರ ಒಂದೇ ಸಾಲಿಗೆ ಬಂದವು. ಮುಂದೆ ಗಾಳಿ ತಡೆಯುತ್ತಿರುವವರ ಬೆನ್ನು ನೋಡುತ್ತಾ ಬರುವಾಗ ಮನಸ್ಸು ತುಂಬಿ ಬಂತು.